ಮೂರನೇ ಕಂತಿಗೆ ಮುಂಚೆ ಬಿಟ್ಟ ವಿದ್ಯಾರ್ಥಿ: ಒಂದು ಶುಲ್ಕ ವಾಪಸಾತಿಯ ಪ್ರಕರಣ

ಕೆಲವು ಕೋಚಿಂಗ್ ಸೆಂಟರ್‌ಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುವುದು ನನ್ನ ಕೆಲಸ. ಶುಲ್ಕ ವಾಪಸ್ ಕೇಳುವ ಜಗಳಗಳು ಪ್ರತಿ ವರ್ಷ ಬರುತ್ತವೆ. ಜಾಸ್ತಿಯವು ಫೋನಿನಲ್ಲೇ ಮುಗಿದುಹೋಗುತ್ತವೆ. ಒಂದು ಕಡೆಯವರು ಸುಸ್ತಾಗಿ ಸುಮ್ಮನಾಗುತ್ತಾರೆ, ಅಷ್ಟೇ. ಈ ಪ್ರಕರಣ ಹಾಗಾಗಲಿಲ್ಲ. ಕೊನೆಯ ರೂಪಾಯಿವರೆಗೂ ಕಾಗದದ ಮೇಲೆ ಲೆಕ್ಕ ಹಾಕಿ ಮುಗಿಸಿದೆವು, ಅದಕ್ಕೇ ಬರೆಯುತ್ತಿದ್ದೇನೆ. ಸೆಂಟರ್, ಊರು, ಮನೆಯವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ಇದ್ದ ಹಾಗೆಯೇ ಇದೆ.

ಹಿನ್ನೆಲೆ

ದ್ವಿತೀಯ ಪಿಯುಸಿ ಹುಡುಗಿ. ನೀಟ್ ಕೋಚಿಂಗ್‌ಗೆ ಸೇರಿದ್ದಳು. ಕೋರ್ಸ್ ಜೂನ್ 1ರಿಂದ ಮಾರ್ಚ್ 31ರವರೆಗೆ. ಶುಲ್ಕ 1,20,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 21,600, ಒಟ್ಟು 1,41,600. ಮೂರು ಕಂತು: ಸೇರುವಾಗ 40%, ಆಗಸ್ಟ್ 1ಕ್ಕೆ 30%, ನವೆಂಬರ್ 1ಕ್ಕೆ ಉಳಿದ 30%. ರೂಪಾಯಿ ಲೆಕ್ಕದಲ್ಲಿ 56,640, 42,480 ಮತ್ತು 42,480. ಮೂರನೆಯದಕ್ಕೆ ನವೆಂಬರ್ 1ರ ದಿನಾಂಕ ಹಾಕಿದ ಚೆಕ್ಕನ್ನು ಸೇರುವ ದಿನವೇ ಬರೆಸಿಕೊಂಡಿದ್ದರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ತಂದೆಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಮಗಳನ್ನು ಒಬ್ಬಳೇ ಬಿಡಲು ಮನೆಯವರಿಗೆ ಇಷ್ಟವಿರಲಿಲ್ಲ. ಕೌನ್ಸೆಲರ್‌ಗೆ ಫೋನ್ ಮಾಡಿ ಹೇಳಿದರು. 'ನೋಡೋಣ ಸಾರ್, ಮೇಲಿನವರ ಹತ್ತಿರ ಮಾತಾಡ್ತೀನಿ' ಎಂಬ ಉತ್ತರ ಬಂತು. ಹತ್ತು ದಿನ ಕಾದು, ಸೆಪ್ಟೆಂಬರ್ 15ಕ್ಕೆ ಸೆಂಟರಿನ ಇಮೇಲ್‌ಗೆ ಬರೆದರು: ಮಗಳು ಇನ್ನು ಬರುವುದಿಲ್ಲ, ಉಳಿದ ಅವಧಿಯ ಹಣ ಮತ್ತು ಚೆಕ್ ವಾಪಸ್ ಕೊಡಿ.

ಆ ಇಮೇಲ್ ಇಲ್ಲದಿದ್ದರೆ ಮುಂದಿನ ಲೆಕ್ಕಕ್ಕೆ ಹಿಡಿಯಲು ಒಂದು ದಿನಾಂಕವೇ ಇರುತ್ತಿರಲಿಲ್ಲ. ಕೌನ್ಸೆಲರ್ ಆ ಫೋನ್ ಕರೆಯನ್ನು ಎಲ್ಲೂ ದಾಖಲಿಸಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಹುಡುಗಿ ಅಕ್ಟೋಬರ್‌ನಲ್ಲೂ 'ಆಕ್ಟಿವ್' ಎಂದೇ ಇದ್ದಳು.

ಜಗಳ ಎಲ್ಲಿತ್ತು

ಸೆಂಟರಿನಿಂದ ಬಂದ ಮೊದಲ ಉತ್ತರ ಅರ್ಜಿ ಫಾರಂನ ಫೋಟೋ. ಹಿಂಬದಿಯ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ವಾಪಸ್ ಇಲ್ಲ, ಮಧ್ಯದಲ್ಲಿ ಬಿಟ್ಟರೂ ಪೂರ್ತಿ ಶುಲ್ಕ ಕಟ್ಟಬೇಕು. ಅಂದರೆ ವಾಪಸ್ ಕೊಡುವುದಿರಲಿ, ಮೂರನೇ ಕಂತೂ ಕೊಡಿ ಎಂದರ್ಥ. ತಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟರು. ಅಲ್ಲಿಂದ ಸೆಂಟರಿಗೆ ಮೇಲ್ ಹೋಯಿತು. ಮಾಲೀಕರು ನನ್ನನ್ನು ಕರೆದದ್ದು ಆಗ, ಅಕ್ಟೋಬರ್ ಮಧ್ಯದಲ್ಲಿ.

ಮಾಲೀಕರು ಕೆಟ್ಟವರಲ್ಲ. ಅವರ ವಾದದಲ್ಲೂ ಒಂದು ತೂಕ ಇತ್ತು. ಬ್ಯಾಚ್‌ನಲ್ಲಿ ಇಷ್ಟು ಸೀಟು ಎಂದು ಲೆಕ್ಕ ಹಾಕಿ ಮೇಷ್ಟ್ರುಗಳಿಗೆ ವರ್ಷದ ಸಂಬಳ ಮಾತಾಡಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ಖಾಲಿಯಾದ ಸೀಟಿಗೆ ಯಾರೂ ಬರುವುದಿಲ್ಲ. 'ಜೊತೆಗೆ ಪೂರ್ತಿ ಜಿಎಸ್‌ಟಿ ನಾನು ಸರ್ಕಾರಕ್ಕೆ ಕಟ್ಟಾಗಿದೆ ಸಾರ್, ಅದನ್ನ ಎಲ್ಲಿಂದ ತರ್ಲಿ?' ಅಂದರು. ಆದರೂ ದೂರು ಬಂದ ಮೇಲೆ ಸ್ವಲ್ಪ ಇಳಿದಿದ್ದರು. ಅವರ ಹೊಸ ಲೆಕ್ಕ ಹೀಗಿತ್ತು: ಪ್ರವೇಶ ಶುಲ್ಕ 10,000, ಮಾಡ್ಯೂಲ್ ಪುಸ್ತಕಗಳಿಗೆ 8,000, ಉಳಿದ 1,02,000ದಲ್ಲಿ ಪಾಠ 45% ಆಗಿದೆ, ಅದಕ್ಕೆ 45,900, ಮೇಲೆ ಪೂರ್ತಿ ಜಿಎಸ್‌ಟಿ 21,600. ಒಟ್ಟು 85,500. ಲೆಡ್ಜರ್ ಪ್ರಕಾರ ಬಂದಿರುವುದು 94,120. ಹಾಗಾಗಿ ಕೊಡಬೇಕಾದ್ದು 8,620.

ತಂದೆಯ ಲೆಕ್ಕ ಇನ್ನೂ ಸರಳ. ಹತ್ತು ತಿಂಗಳ ಕೋರ್ಸ್, ಮೂರು ತಿಂಗಳು ಬಂದಿದ್ದಾಳೆ. 1,41,600ರಲ್ಲಿ ಹತ್ತನೇ ಮೂರು ಭಾಗ 42,480. ಕಟ್ಟಿರುವುದು 99,120. ಕೊಡಬೇಕಾದ್ದು 56,640.

ಎರಡು ಲೆಕ್ಕದ ನಡುವೆ 48,020 ರೂಪಾಯಿ ಅಂತರ. ಅದಕ್ಕಿಂತ ವಿಚಿತ್ರ ಎಂದರೆ, ಎಷ್ಟು ಕಟ್ಟಲಾಗಿದೆ ಎಂಬುದರಲ್ಲೇ ಇಬ್ಬರಿಗೂ 5,000 ವ್ಯತ್ಯಾಸ. ಎಷ್ಟು ವಾಪಸ್ ಎನ್ನುವುದು ಆಮೇಲಿನ ಮಾತು, ಮೊದಲು ಎಷ್ಟು ಬಂದಿದೆ ಎನ್ನುವುದು ಇತ್ಯರ್ಥವಾಗಲಿ ಎಂದೆ.

ಕಾಣದ ಐದು ಸಾವಿರ

ಲೆಡ್ಜರ್‌ನಲ್ಲಿ ಮೊದಲ ಕಂತಿನ ಎದುರು 51,640 ಎಂದಿತ್ತು. ಬಾಕಿ 5,000. ಆ ಬಾಕಿಗೆ ಜೂನ್‌ನಿಂದಲೂ ತಂದೆಯ ಮೊಬೈಲಿಗೆ ತಾನಾಗಿಯೇ ಸಂದೇಶ ಹೋಗುತ್ತಿತ್ತು, ತಡ ಶುಲ್ಕದ ಎಚ್ಚರಿಕೆ ಸಮೇತ. ಎರಡು ಸಲ ಫ್ರಂಟ್ ಆಫೀಸ್‌ಗೆ ಹೇಳಿದ್ದರಂತೆ. 'ಸಿಸ್ಟಮ್‌ದು ಬಿಡಿ ಸಾರ್' ಎಂದು ಕಳಿಸಿದ್ದರಂತೆ.

ತಂದೆ ಹೇಳಿದ ಪ್ರಕಾರ ಏಪ್ರಿಲ್‌ನಲ್ಲಿ ಡೆಮೊ ಕ್ಲಾಸ್ ದಿನ ಸೀಟು ಹಿಡಿಯಲು 5,000 ನಗದು ಕೊಟ್ಟಿದ್ದರು. ಅದಕ್ಕೆ ಕೈಬರಹದ ಸಣ್ಣ ರಸೀದಿ ಇತ್ತು. 'ಸೀಟ್ ಬುಕಿಂಗ್' ಎಂದು ಬರೆದಿತ್ತು, ಮೇಲೆ ಸಹಿ. ಸೆಂಟರಿನ ಹೆಸರಿನ ಮೊಹರು ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಅರ್ಜಿ ಸಂಖ್ಯೆಯೂ ಇಲ್ಲ. ಅಂಗಡಿಯಲ್ಲಿ ಸಿಗುವ ರಸೀದಿ ಪುಸ್ತಕದ ಹಾಳೆ. ಮಾಲೀಕರು ಅದನ್ನು ನೋಡಿ 'ಇದು ನಮ್ಮದಲ್ಲ' ಎಂದುಬಿಟ್ಟರು.

ನನಗೆ ಆ ರಸೀದಿಗಿಂತ ಜಾಸ್ತಿ ಹೇಳಿದ್ದು 51,640 ಎಂಬ ಸಂಖ್ಯೆ. ಯಾರೂ ಕಂತು ಕಟ್ಟುವಾಗ ಸುಮ್ನೆ 51,640 ಕಳಿಸುವುದಿಲ್ಲ. ಅರ್ಧಂಬರ್ಧ ಕಟ್ಟುವವರು 50,000 ಕಟ್ಟುತ್ತಾರೆ, 40,000 ಕಟ್ಟುತ್ತಾರೆ. 56,640ರಿಂದ 5,000 ಕಳೆದರೆ ಮಾತ್ರ 51,640 ಬರುತ್ತದೆ. ಹಾಗೆ ಕಳೆದು ಇಷ್ಟು ಕಟ್ಟಿ ಎಂದು ಹೇಳಿದವರು ಸೆಂಟರಿನವರೇ ಇರಬೇಕು, ಅಲ್ವಾ? ಸೇರುವ ದಿನದ ವಾಟ್ಸಾಪ್ ತೆಗೆಸಿದೆವು. ಕೌನ್ಸೆಲರ್ ಕಳಿಸಿದ ಯುಪಿಐ ಕ್ಯೂಆರ್ ಕೋಡ್ ಕೆಳಗೆ ಅದೇ ಮೊತ್ತ ಬರೆದಿತ್ತು.

ಆಮೇಲೆ ವಿಷಯ ತಾನಾಗಿ ಬಿಚ್ಚಿಕೊಂಡಿತು. ಡೆಮೊ ದಿನಗಳಲ್ಲಿ ಕೌನ್ಸೆಲರ್‌ಗಳು ಬೇರೆಯೇ ರಸೀದಿ ಪುಸ್ತಕ ಇಟ್ಟುಕೊಂಡಿದ್ದರು. ಆ ನಗದು ಒಟ್ಟಾಗಿ ಮಾಲೀಕರ ಕೈಗೆ ಬಂದಿತ್ತು. ಆದರೆ ಯಾರ ಯಾರ ಹೆಸರಿನದು ಎಂಬ ಪಟ್ಟಿ ಲೆಡ್ಜರ್‌ಗೆ ಏರಿರಲೇ ಇಲ್ಲ. ಪುಸ್ತಕದ ಅಡಿಪ್ರತಿ ಸಿಕ್ಕಿತು, ಕ್ರಮಸಂಖ್ಯೆ ಹೊಂದಿತು. ಹೀಗೆ ಬಾಕಿ ಕಾಣುತ್ತಿದ್ದ ಇನ್ನೂ ಕೆಲವು ವಿದ್ಯಾರ್ಥಿಗಳೂ ಅದರಲ್ಲೇ ಸಿಕ್ಕರು. ಮುಂಗಡ ಬಂದ ತಿಂಗಳಲ್ಲೇ ಅದರ ತೆರಿಗೆ ತೋರಿಸಬೇಕಿತ್ತು. 5,000ದೊಳಗೆ ಸುಮಾರು 763 ರೂಪಾಯಿ ಜಿಎಸ್‌ಟಿ ಅಡಗಿರುತ್ತದೆ. ಅದರ ಬಡ್ಡಿ ಸಣ್ಣದು, ಆದರೆ ದಾಖಲೆಯಿಲ್ಲದ ನಗದು ಪುಸ್ತಕ ಸಣ್ಣ ವಿಷಯವಲ್ಲ. ಮಾಲೀಕರ ದನಿ ಅಲ್ಲಿಂದ ಬದಲಾಯಿತು.

ಕಟ್ಟಿದ ಮೊತ್ತ 99,120 ಎಂದು ಇಬ್ಬರೂ ಒಪ್ಪಿದರು.

'ವಾಪಸ್ ಇಲ್ಲ' ಎಂಬ ಸಾಲು

ಮಾಲೀಕರು ಅದನ್ನೇ ಗಟ್ಟಿ ಹಿಡಿದಿದ್ದರು. ತಂದೆ ಸಹಿ ಹಾಕಿದ್ದೂ ನಿಜ. ಆದರೆ ಆ ಸಾಲಿನ ಬಲ ಅವರು ಅಂದುಕೊಂಡಷ್ಟಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು ಅವಧಿಗೆ ತಕ್ಕಂತೆ ಲೆಕ್ಕ ಹಾಕಿ 10 ದಿನದೊಳಗೆ ವಾಪಸ್ ಕೊಡಬೇಕು ಎಂದು ಅದರಲ್ಲಿದೆ. ಕಟ್ಟಿದ ಹಣಕ್ಕೆ ರಸೀದಿ ಕೊಡಬೇಕು ಎಂದೂ ಇದೆ. ಇದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ, ತಾನೇ ಕಾನೂನಲ್ಲ. ಅದನ್ನೊಂದನ್ನೇ ಹಿಡಿದು ಸೆಂಟರಿನ ಮೇಲೆ ಬೀಳಲು ಬರುವುದಿಲ್ಲ. ಆದರೆ ಗ್ರಾಹಕ ಆಯೋಗದ ಮುಂದೆ ಯಾವುದು ನ್ಯಾಯವಾದ ರೀತಿ ಎಂದು ತೋರಿಸಲು ಚೆನ್ನಾಗಿಯೇ ಒದಗುತ್ತದೆ. ಶಾಲೆ ಕಾಲೇಜುಗಳು ಗ್ರಾಹಕ ಕಾನೂನಿನ ಕೆಳಗೆ ಬರುತ್ತವೆಯೇ ಎಂಬ ಪ್ರಶ್ನೆಯಲ್ಲಿ ತೀರ್ಪುಗಳು ಸಂಸ್ಥೆಗಳ ಕಡೆ ಹೋಗಿದ್ದುಂಟು. ಕೋಚಿಂಗ್ ಸೆಂಟರ್‌ಗಳ ಮಟ್ಟಿಗೆ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ, ಅವು ಬರುತ್ತವೆ ಎಂದು. ಹಾಗಾಗಿ ಇದೇ ಸಾಲು ಶಾಲೆಯ ಫಾರಂನಲ್ಲಿದ್ದರೆ ಕಥೆ ಬೇರೆ ದಾರಿ ಹಿಡಿಯಬಹುದಿತ್ತು. ಶಾಲಾ ಶುಲ್ಕಕ್ಕೆ ಜಿಎಸ್‌ಟಿಯೂ ಇಲ್ಲ, ಮುಂದೆ ಬರುವ ತೆರಿಗೆ ಲೆಕ್ಕವೂ ಅಲ್ಲಿ ಹುಟ್ಟುವುದಿಲ್ಲ.

ನಾನು ಮಾಲೀಕರಿಗೆ ಹೇಳಿದ್ದು ಇಷ್ಟು: ಕಲಿಸದ ಆರು ತಿಂಗಳಿನ ಹಣ ಇಟ್ಟುಕೊಳ್ಳಲು ಈ ಸಾಲು ಸಾಕಾಗುವುದಿಲ್ಲ. ಆದರೆ ಕೊಟ್ಟಿರುವುದಕ್ಕೆ ಹಣ ಇಟ್ಟುಕೊಳ್ಳಬಹುದು, ಕಾಗದದಲ್ಲಿ ತೋರಿಸುವುದಾದರೆ.

ಏನನ್ನು ಕಳೆಯಬಹುದು

ಇನ್‌ವಾಯ್ಸ್ ತೆಗೆದು ನೋಡಿದೆವು. ಮೇ 20ರಂದು, ಸೇರಿದ ದಿನವೇ, ಪೂರ್ತಿ 1,41,600ಕ್ಕೆ ಒಂದೇ ಇನ್‌ವಾಯ್ಸ್ ಹಾಕಿದ್ದರು. ವಿವರ ಒಂದೇ ಸಾಲು: 'ಕೋರ್ಸ್ ಶುಲ್ಕ 1,20,000'. ಅವಧಿ ಇಲ್ಲ, ಒಡೆದು ತೋರಿಸಿದ ಬಾಬತ್ತುಗಳಿಲ್ಲ.

ಹಾಗಿದ್ದ ಮೇಲೆ 10,000 ಪ್ರವೇಶ ಶುಲ್ಕ ಎಲ್ಲಿಂದ ಬಂತು? ಫಾರಂನಲ್ಲಿಲ್ಲ, ಕರಪತ್ರದಲ್ಲಿಲ್ಲ, ರಸೀದಿಯಲ್ಲಂತೂ ಇಲ್ಲ. ಮಾಲೀಕರ ಮನಸ್ಸಿನಲ್ಲಿ ಮಾತ್ರ ಇತ್ತು. ಅದನ್ನು ಕೈಬಿಡಿ ಎಂದೆ. ಬಿಟ್ಟು ಹೋಗುವಾಗ ಹುಟ್ಟುವ ಶುಲ್ಕವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಮಾಡ್ಯೂಲ್‌ಗಳ 8,000 ಬೇರೆ ರೀತಿಯದು. ತರಗತಿ ಬೇಡ, ಪುಸ್ತಕ ಮಾತ್ರ ಸಾಕು ಎನ್ನುವವರಿಗೆ ಪೂರ್ತಿ ಸೆಟ್ 8,000 ಎಂದು ಅದೇ ವರ್ಷದ ಕರಪತ್ರದಲ್ಲಿ ಅಚ್ಚಾಗಿತ್ತು. ಹುಡುಗಿ ಜೂನ್‌ನಲ್ಲೇ ಎಲ್ಲಾ ಸಂಪುಟ ತೆಗೆದುಕೊಂಡು ರಿಜಿಸ್ಟರ್‌ನಲ್ಲಿ ಸಹಿ ಹಾಕಿದ್ದಳು. ಪುಸ್ತಕ ಅವಳ ಹತ್ತಿರವೇ ಇರುತ್ತದೆ, ಮುಂದೆಯೂ ಓದುತ್ತಾಳೆ. ನೋಟ್ಸ್‌ಗೆ ಪ್ರತ್ಯೇಕ ಶುಲ್ಕ ಇರಬಾರದು ಎಂದು ಮಾರ್ಗಸೂಚಿಯಲ್ಲಿ ಇರುವುದರಿಂದ ತಂದೆ ಬೇಕಿದ್ದರೆ ಇಲ್ಲಿ ಹಠ ಹಿಡಿಯಬಹುದಿತ್ತು. ಹಿಡಿಯಲಿಲ್ಲ. 'ಪುಸ್ತಕ ಚೆನ್ನಾಗಿವೆ, ಅದಕ್ಕೆ ದುಡ್ಡು ಇಟ್ಕೊಳ್ಳಿ' ಎಂದರು. ಇಡೀ ಪ್ರಕರಣದಲ್ಲಿ ಮಾಲೀಕರು ಮೊದಲ ಸಲ ನಕ್ಕದ್ದು ಆಗ.

ಇನ್ನು ಉಳಿದದ್ದು ಅವಧಿ. ಪಾಠ 45% ಆಗಿದೆ ಎಂಬುದು ಸುಳ್ಳಲ್ಲ, ಮೊದಲ ತಿಂಗಳುಗಳಲ್ಲಿ ಸಿಲಬಸ್ ಬೇಗ ಓಡುತ್ತದೆ. ಆದರೆ ಅದನ್ನು ಅಳೆಯುವವರು ಸೆಂಟರಿನವರೇ. ಕೊನೆಯ ಮೂರು ತಿಂಗಳ ರಿವಿಷನ್ ಮತ್ತು ಟೆಸ್ಟ್‌ಗಳಿಗೇ ಜನ ಸೇರುವುದು ಎಂದು ತಂದೆ ತಿರುಗಿ ಹೇಳಿದರೆ ಉತ್ತರ ಇರಲಿಲ್ಲ. ಇತ್ತ ತಂದೆಯ 'ಮೂರು ತಿಂಗಳು' ಎಂಬುದೂ ಸರಿಯಲ್ಲ, ಸೆಪ್ಟೆಂಬರ್‌ನಲ್ಲೂ ಸೀಟು ಅವಳ ಹೆಸರಿನಲ್ಲೇ ಇತ್ತು. ಇಬ್ಬರಿಗೂ ತಿರುಚಲು ಬಾರದ್ದು ಕ್ಯಾಲೆಂಡರ್. ಜೂನ್ 1ರಿಂದ ಮಾರ್ಚ್ 31ರವರೆಗೆ 304 ದಿನ. ಇಮೇಲ್ ಬಂದ ಸೆಪ್ಟೆಂಬರ್ 15ರವರೆಗೆ 107 ದಿನ. ಕೊನೆಯ ಹಾಜರಿ ದಿನ ಹಿಡಿಯಿರಿ ಎಂದು ತಂದೆ ಕೇಳಿದರು. ಸೀಟು ಖಾಲಿ ಎಂದು ಸೆಂಟರಿಗೆ ಲಿಖಿತವಾಗಿ ತಿಳಿದ ದಿನವೇ ಸರಿ ಎಂದು ನಾನು ಹೇಳಿದೆ. ಒಪ್ಪಿದರು.

ಲೆಕ್ಕ ಹೀಗೆ ಬಂತು. 1,20,000ರಿಂದ ಪುಸ್ತಕದ 8,000 ತೆಗೆದರೆ 1,12,000. ಅದರಲ್ಲಿ 304ರಲ್ಲಿ 107 ದಿನದ ಪಾಲು 39,421. ಪುಸ್ತಕ ಸೇರಿಸಿದರೆ 47,421. ಪುಸ್ತಕ ಕೋರ್ಸಿನ ಭಾಗವಾಗಿಯೇ ಬಿಲ್ ಆಗಿದ್ದರಿಂದ ಎಲ್ಲಕ್ಕೂ 18%, ಅಂದರೆ 8,536. ಸೆಂಟರಿಗೆ ನ್ಯಾಯವಾಗಿ ಸೇರಬೇಕಾದ್ದು 55,957. ಕಟ್ಟಿರುವುದು 99,120. ವಾಪಸ್ 43,163.

ಜಿಎಸ್‌ಟಿ ಎಲ್ಲಿಂದ ತರೋದು

ಮಾಲೀಕರಿಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಇದು. ಮೇ ತಿಂಗಳ ರಿಟರ್ನ್‌ನಲ್ಲಿ ಪೂರ್ತಿ 21,600 ತೆರಿಗೆ ಕಟ್ಟಿದ್ದರು. ಮೂರನೇ ಕಂತಿನ ಹಣ ಇನ್ನೂ ಕೈಗೆ ಬಂದೇ ಇರಲಿಲ್ಲ, ಅದರ ತೆರಿಗೆಯನ್ನೂ ತಮ್ಮ ಜೇಬಿನಿಂದ ತಿಂಗಳುಗಟ್ಟಲೆ ಮೊದಲೇ ಕಟ್ಟಿದ್ದರು. ಈಗ ವಾಪಸ್ ಕೊಡುವಾಗ ತೆರಿಗೆ ಭಾಗವನ್ನೂ ಕೊಟ್ಟರೆ ಎರಡು ಸಲ ಕಳೆದುಕೊಂಡ ಹಾಗೆ ಎಂಬುದು ಅವರ ಎಣಿಕೆ.

ಹಾಗಾಗುವುದಿಲ್ಲ. ಸೇವೆ ಕಡಿಮೆಯಾದಾಗ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 34ರಡಿ ಕ್ರೆಡಿಟ್ ನೋಟ್, ಅಂದರೆ ಹಾಕಿದ ಇನ್‌ವಾಯ್ಸ್‌ನ ಮೊತ್ತ ಇಳಿಸುವ ಪತ್ರ, ಕೊಡಬಹುದು. ಅದನ್ನು ಆ ತಿಂಗಳ ರಿಟರ್ನ್‌ನಲ್ಲಿ ತೋರಿಸಿದರೆ ಅಷ್ಟು ತೆರಿಗೆ ಕಟ್ಟಬೇಕಾದ ಮೊತ್ತದಿಂದ ಇಳಿಯುತ್ತದೆ. ಆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅವಕಾಶ ಇರುತ್ತದೆ. ವರ್ಷಗಟ್ಟಲೆ ಎಳೆದು ಕೊನೆಗೆ ಆಯೋಗದ ಆದೇಶದ ಮೇಲೆ ವಾಪಸ್ ಕೊಡುವ ಸೆಂಟರ್‌ಗಳು ಈ ಗಡುವು ದಾಟಿಸಿಕೊಂಡು ತೆರಿಗೆಯನ್ನು ನಿಜವಾಗಿಯೂ ಕಳೆದುಕೊಳ್ಳುತ್ತವೆ. ಇನ್ನೊಂದು ಷರತ್ತೂ ಇದೆ. ತೆರಿಗೆಯ ಭಾರ ಗ್ರಾಹಕರ ಮೇಲೇ ಉಳಿದಿದ್ದರೆ ಈ ಇಳಿಕೆ ಸಿಗುವುದಿಲ್ಲ. ಅಂದರೆ ತಂದೆಗೆ ಜಿಎಸ್‌ಟಿ ವಾಪಸ್ ಕೊಡದೆ, ಸರ್ಕಾರದ ಕಡೆಯಿಂದ ಮಾತ್ರ ಕಡಿತ ಪಡೆಯಲು ಬರುವುದಿಲ್ಲ.

ಇಲ್ಲೊಂದು ಗೊಂದಲ ಹುಟ್ಟಿತು. ಫ್ರಂಟ್ ಆಫೀಸ್‌ನವರು ಕ್ರೆಡಿಟ್ ನೋಟನ್ನು 43,163ಕ್ಕೆ ತಯಾರಿಸಿದರು, ವಾಪಸ್ ಕೊಡುವ ಹಣ ಅಷ್ಟೇ ಅಲ್ಲವೇ ಎಂದು. ಆದರೆ ಇನ್‌ವಾಯ್ಸ್ ಇದ್ದದ್ದು ಪೂರ್ತಿ 1,41,600ಕ್ಕೆ. ಉಳಿಯಬೇಕಾದ್ದು 55,957. ಹಾಗಾಗಿ ಕ್ರೆಡಿಟ್ ನೋಟ್ ಆಗಬೇಕಾದ್ದು 85,643ಕ್ಕೆ: ಮೌಲ್ಯ 72,579, ತೆರಿಗೆ 13,064. ಅದರಲ್ಲಿ 42,480 ಕಟ್ಟದೇ ಇದ್ದ ಮೂರನೇ ಕಂತನ್ನು ರದ್ದು ಮಾಡುತ್ತದೆ, ಉಳಿದ 43,163 ಹಣವಾಗಿ ಹೋಗುತ್ತದೆ. 43,163ಕ್ಕೇ ಹಾಕಿದ್ದರೆ ಹುಡುಗಿಯ ಲೆಡ್ಜರ್‌ನಲ್ಲಿ 42,480 ಬಾಕಿ ಹಾಗೇ ನಿಲ್ಲುತ್ತಿತ್ತು. ಅದರ ಮೇಲೆ ಮತ್ತೆ ಸಂದೇಶ, ತಡ ಶುಲ್ಕ ಎಲ್ಲ ಶುರುವಾಗುತ್ತಿತ್ತು. ಅದರ ತೆರಿಗೆ 6,480 ಕೂಡ ಸರ್ಕಾರದ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

13,064 ಇಳಿಯುತ್ತದೆ ಎಂದು ಕಾಗದದಲ್ಲಿ ಕಂಡ ಮೇಲೆ ಮಾಲೀಕರು ಅರ್ಧ ಗಂಟೆಯಲ್ಲಿ ಒಪ್ಪಿದರು. ಮಾರ್ಗಸೂಚಿ, ಆಯೋಗ ಎಂದು ನಾನು ಹೇಳಿದ್ದೆಲ್ಲಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು.

ಚೆಕ್ ಮತ್ತು ಮುಕ್ತಾಯ

ತಂದೆಗೆ ಹಣಕ್ಕಿಂತ ಚೆಕ್‌ನದೇ ಭಯ. ನವೆಂಬರ್ 1ಕ್ಕೆ ಬ್ಯಾಂಕಿಗೆ ಹಾಕಿ ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ನೋಟಿಸ್. ಸ್ಟಾಪ್ ಪೇಮೆಂಟ್ ಕೊಟ್ಟರೂ ಆ ನೋಟಿಸ್ ಬರಬಹುದು. ಚೆಕ್ ಕೊಟ್ಟಿದ್ದು ಸಾಲಕ್ಕೇ ಎಂದು ಕಾನೂನು ಮೊದಲು ಊಹಿಸುತ್ತದೆ, ಬಾಕಿ ಇರಲಿಲ್ಲ ಎಂದು ತೋರಿಸುವ ಹೊರೆ ಕೊಟ್ಟವರದು. ಅದಕ್ಕೇ ಮೊದಲ ಇಮೇಲ್‌ನಲ್ಲೇ ಚೆಕ್ ನಂಬರ್ ಬರೆದು, ಹಾಕಬೇಡಿ ಎಂದು ಅವರು ತಿಳಿಸಿದ್ದು ಜಾಣತನ. ಚೆಕ್ ಪತ್ತೆಯಾದದ್ದು ಮಾತ್ರ ಬ್ಯಾಂಕಿಗೆ ಹೋಗಲು ಜೋಡಿಸಿಟ್ಟಿದ್ದ ಕಟ್ಟಿನಲ್ಲಿ. ಬಿಟ್ಟವರ ಚೆಕ್ ಬೇರೆ ಮಾಡುವ ಪದ್ಧತಿಯೇ ಅಲ್ಲಿರಲಿಲ್ಲ.

ಅಕ್ಟೋಬರ್ ಕೊನೆಯ ವಾರ 43,163 ಬ್ಯಾಂಕ್ ಖಾತೆಗೆ ಹೋಯಿತು, ಏಪ್ರಿಲ್‌ನ ನಗದು ಭಾಗವೂ ಸೇರಿ. ಚೆಕ್ ವಾಪಸ್ ಬಂತು. ಒಂದು ಪುಟದ ಪತ್ರದಲ್ಲಿ ಇನ್‌ವಾಯ್ಸ್ ಸಂಖ್ಯೆ, ಕ್ರೆಡಿಟ್ ನೋಟ್ ಸಂಖ್ಯೆ, ಚೆಕ್ ಸಂಖ್ಯೆ, ಬಾಕಿ ಸೊನ್ನೆ ಎಂದು ಬರೆದು ಇಬ್ಬರೂ ಸಹಿ ಹಾಕಿದರು. ತಂದೆ ಸಹಾಯವಾಣಿಯ ದೂರು ಮುಚ್ಚಿಸಿದರು. 10 ದಿನ ಎಂದಿದ್ದದ್ದು ನಲವತ್ತು ದಾಟಿತ್ತು. ತಡಕ್ಕೆ ಬಡ್ಡಿ ಅವರು ಕೇಳಲಿಲ್ಲ, ಸೆಂಟರೂ ಕೊಡಲಿಲ್ಲ.

ಇದೆಲ್ಲ ಸಾಧ್ಯವಾದದ್ದು ಕಂತು ನೇರವಾಗಿ ಸೆಂಟರಿಗೇ ಹೋಗುತ್ತಿದ್ದದ್ದರಿಂದ. ಈಗ ಹಲವು ಕಡೆ 'ಸುಲಭ ಕಂತು' ಎಂದರೆ ಸಾಲ ಕೊಡುವ ಕಂಪನಿಯೊಂದು ಪೂರ್ತಿ ಶುಲ್ಕವನ್ನು ಸೆಂಟರಿಗೆ ಒಮ್ಮೆಗೇ ಕೊಟ್ಟು, ಪೋಷಕರಿಂದ ತಿಂಗಳು ತಿಂಗಳು ವಸೂಲಿ ಮಾಡುತ್ತದೆ. ಅಲ್ಲಿ ಸೆಂಟರ್ ಬಿಟ್ಟರೂ ಸಾಲ ಬಿಡುವುದಿಲ್ಲ. ಖಾತೆಯಿಂದ ಕಡಿತ ನಿಲ್ಲಿಸಿದರೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ. ಸೆಂಟರ್ ಹಣವನ್ನು ಸಾಲ ಕೊಟ್ಟವರಿಗೆ ವಾಪಸ್ ಮಾಡಿ ಸಾಲ ಮುಗಿಸಿದ ಪತ್ರ ತರಿಸಬೇಕು. ಸಹಿ ಹಾಕುವ ಕಾಗದದ ಮೇಲೆ ಸೆಂಟರಿನ ಹೆಸರಿದೆಯೋ ಬೇರೆ ಕಂಪನಿಯ ಹೆಸರಿದೆಯೋ ನೋಡಿದರೆ ಸಾಕು, ಇದು ಕಂತೋ ಸಾಲವೋ ಗೊತ್ತಾಗುತ್ತದೆ.

ಆ ಸೆಂಟರ್ ಮುಂದಿನ ಬ್ಯಾಚ್‌ನಿಂದ ಇನ್‌ವಾಯ್ಸನ್ನು ಕಂತಿಗೊಂದರಂತೆ ಹಾಕುತ್ತಿದೆ. ಮೂರು ತಿಂಗಳು ಮೀರಿದ, ಕಂತಿನ ದಿನಾಂಕ ಮೊದಲೇ ಗೊತ್ತಿರುವ ಸೇವೆಗೆ ಜಿಎಸ್‌ಟಿಯಲ್ಲಿ ಆ ದಾರಿ ಮೊದಲಿನಿಂದಲೂ ಇದೆ. ಪ್ರತಿ ಇನ್‌ವಾಯ್ಸ್‌ನಲ್ಲೂ ಯಾವ ದಿನದಿಂದ ಯಾವ ದಿನದವರೆಗೆ ಎಂದು ಅಚ್ಚಾಗುತ್ತದೆ, ಪುಸ್ತಕ ಬೇರೆ ಸಾಲಿನಲ್ಲಿರುತ್ತದೆ. ಕೌನ್ಸೆಲರ್‌ಗಳ ರಸೀದಿ ಪುಸ್ತಕ ಹೋಯಿತು, ಡೆಮೊ ದಿನವೂ ಯುಪಿಐ ಮಾತ್ರ. ಅರ್ಜಿ ಫಾರಂ ಹಿಂಬದಿಯ ಆ ಸಾಲನ್ನು ಮಾತ್ರ ಮಾಲೀಕರು ತೆಗೆದಿಲ್ಲ. ಅದರ ಕೆಳಗೆ, ಲಿಖಿತವಾಗಿ ತಿಳಿಸಿದ ದಿನದಿಂದ ದಿನದ ಲೆಕ್ಕದಲ್ಲಿ ವಾಪಸ್ ಎಂದು ಇನ್ನೊಂದು ಸಾಲು ಸೇರಿಸಿದ್ದಾರೆ. ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ ಎಂದು ಹೇಳುತ್ತಲೇ ಇದ್ದೇನೆ.